ಫ್ಯೂಚರ್ಸ್ ರೋಲ್ಓವರ್: ಬ್ರೋಕರ್ ಬಿಲ್ಲಿನಲ್ಲಿ ಕಾಣದ ಖರ್ಚನ್ನು ಲೆಕ್ಕ ಹಾಕುವುದು ಹೇಗೆ?

ಫ್ಯೂಚರ್ಸ್ ಕಾಂಟ್ರಾಕ್ಟಿಗೆ ಆಯುಷ್ಯ ಇಷ್ಟೇ ಎಂದು ಮೊದಲೇ ಗೊತ್ತಿರುತ್ತದೆ. ಎಕ್ಸ್‌ಪೈರಿ ಹತ್ತಿರ ಬಂದರೂ ಪೊಸಿಷನ್ ಮುಂದುವರಿಸಬೇಕು ಅನಿಸಿದರೆ ಈ ತಿಂಗಳದ್ದನ್ನು ಮಾರಿ ಮುಂದಿನ ತಿಂಗಳದ್ದನ್ನು ಕೊಳ್ಳಬೇಕು. ರೋಲ್ಓವರ್ ಎಂದರೆ ಇಷ್ಟೇ. ಆದರೆ ಇದಕ್ಕೆ ತಗಲುವ ಖರ್ಚಿನಲ್ಲಿ ಬ್ರೋಕರೇಜ್ ತೀರ ಸಣ್ಣ ಪಾಲು. ಉಳಿದದ್ದು ಯಾವ ಬಿಲ್ಲಿನಲ್ಲೂ ಬರುವುದಿಲ್ಲ, ನಾವೇ ಹುಡುಕಿ ಬರೆದಿಟ್ಟುಕೊಳ್ಳಬೇಕು.

ನ್ಯೂಯಾರ್ಕಿನ ನೈಮೆಕ್ಸ್‌ನಲ್ಲಿ ನಡೆಯುವ ಡಬ್ಲ್ಯುಟಿಐ ಕಚ್ಚಾ ತೈಲದ ಕಾಂಟ್ರಾಕ್ಟನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಒಂದು ಕಾಂಟ್ರಾಕ್ಟ್ ಎಂದರೆ 1,000 ಬ್ಯಾರೆಲ್. ಬೆಲೆಯಲ್ಲಿ ಒಂದು ಸೆಂಟ್ ಏರಿಳಿದರೆ ನಮ್ಮ ಖಾತೆಯಲ್ಲಿ 10 ಡಾಲರ್ ಏರಿಳಿಯುತ್ತದೆ. ನೀವು 68 ಡಾಲರಿಗೆ ಒಂದು ಕಾಂಟ್ರಾಕ್ಟ್ ಕೊಂಡಿದ್ದೀರಿ ಎಂದುಕೊಳ್ಳಿ. ಈಗ ಈ ತಿಂಗಳದ್ದಕ್ಕೆ ಬಿಡ್ 70.00, ಆಸ್ಕ್ 70.02 ಇದೆ. ಮುಂದಿನ ತಿಂಗಳದ್ದಕ್ಕೆ ಬಿಡ್ 70.90, ಆಸ್ಕ್ 70.94.

ಮೊದಲು ದಿನ ಗೊತ್ತುಮಾಡಿ

ಡಬ್ಲ್ಯುಟಿಐನಲ್ಲಿ ವಹಿವಾಟಿನ ಕೊನೆಯ ದಿನ ಬರುವುದು ಡೆಲಿವರಿ ತಿಂಗಳಲ್ಲಲ್ಲ, ಅದರ ಹಿಂದಿನ ತಿಂಗಳಲ್ಲಿ, ಸಾಮಾನ್ಯವಾಗಿ 20ರ ಆಸುಪಾಸಿಗೆ. ಮೇ ಕಾಂಟ್ರಾಕ್ಟ್ ಏಪ್ರಿಲಿನಲ್ಲೇ ಮುಗಿಯುತ್ತದೆ. ಹೆಸರಿನಲ್ಲಿ ಮೇ ಇದೆಯೆಂದು ಸುಮ್ಮನಿದ್ದರೆ ಸಿಕ್ಕಿಬೀಳುವುದು ಖಂಡಿತ.

ಕೊನೆಯ ದಿನದವರೆಗೆ ಕಾಯಬಾರದು. ಎಕ್ಸ್‌ಪೈರಿಗೆ ಮುಂಚೆಯೇ ಜನ ಮುಂದಿನ ತಿಂಗಳಿಗೆ ಸರಿಯುತ್ತಾರೆ. ಎರಡೂ ತಿಂಗಳ ವಾಲ್ಯೂಮ್ ಮತ್ತು ಓಪನ್ ಇಂಟರೆಸ್ಟ್ ಅಕ್ಕಪಕ್ಕ ಇಟ್ಟು ದಿನಾ ನೋಡಿ. ಮುಂದಿನ ತಿಂಗಳ ವಾಲ್ಯೂಮ್ ಈ ತಿಂಗಳದ್ದನ್ನು ಹಿಂದೆ ಹಾಕುವ ಹೊತ್ತಿಗೆ ಎರಡೂ ಕಡೆ ಕೊಳ್ಳುವವರು, ಮಾರುವವರು ಸಾಕಷ್ಟು ಇರುತ್ತಾರೆ. ಆಗಲೇ ಮುಗಿಸುವುದು ಒಳ್ಳೆಯದು.

ತಡಮಾಡಿದರೆ ಏನಾಗಬಹುದು ಎಂಬುದಕ್ಕೆ 2020ರ ಏಪ್ರಿಲ್ 20 ಸಾಕ್ಷಿ. ಮೇ ಕಾಂಟ್ರಾಕ್ಟ್ ಮುಗಿಯಲು ಒಂದೇ ದಿನ ಉಳಿದಿತ್ತು. ಡೆಲಿವರಿ ಜಾಗವಾದ ಒಕ್ಲಹೋಮದ ಕುಶಿಂಗ್‌ನಲ್ಲಿ ತೈಲ ತುಂಬಿಡಲು ಜಾಗ ಸಿಗುವುದೇ ಕಷ್ಟವಾಗಿತ್ತು. ತೈಲ ತೆಗೆದುಕೊಳ್ಳಲಾಗದವರು ಸಿಕ್ಕ ಬೆಲೆಗೆ ಮಾರಹೊರಟರು, ಎದುರಿಗೆ ಕೊಳ್ಳುವವರಿರಲಿಲ್ಲ. ಮೇ ಕಾಂಟ್ರಾಕ್ಟ್ ಆ ದಿನ ಮೈನಸ್ 37.63 ಡಾಲರಿಗೆ ಮುಗಿಯಿತು. ಅದೇ ದಿನ ಜೂನ್ ಕಾಂಟ್ರಾಕ್ಟ್ 20.43 ಡಾಲರಿನಲ್ಲಿತ್ತು. ಮೊದಲೇ ಜೂನ್‌ಗೆ ಸರಿದವರೂ ನಷ್ಟ ಕಂಡರು. ಆದರೆ ಮೇ ಹಿಡಿದು ಕೂತವರ ನಷ್ಟಕ್ಕೆ ಅದನ್ನು ಹೋಲಿಸಲೂ ಆಗದು.

ಎರಡು ಆರ್ಡರ್ ಬೇಡ, ಒಂದು ಸ್ಪ್ರೆಡ್ ಆರ್ಡರ್ ಸಾಕು

ಈ ತಿಂಗಳದ್ದನ್ನು ಒಂದು ಆರ್ಡರಿನಲ್ಲಿ ಮಾರಿ, ಮುಂದಿನದನ್ನು ಇನ್ನೊಂದರಲ್ಲಿ ಕೊಳ್ಳುವುದು ಹೆಚ್ಚಿನವರ ರೂಢಿ. ನಮ್ಮ ಉದಾಹರಣೆಯಲ್ಲಿ ಹಾಗೆ ಮಾಡಿದರೆ 70.00ಕ್ಕೆ ಮಾರಿ 70.94ಕ್ಕೆ ಕೊಂಡಂತಾಯಿತು, ಅಂತರ 94 ಸೆಂಟ್. ಬಿಡ್ ಮತ್ತು ಆಸ್ಕ್‌ಗಳ ನಡುಬೆಲೆ ಹಿಡಿದರೆ 70.01 ಮತ್ತು 70.92, ನಿಜವಾದ ಅಂತರ 91 ಸೆಂಟ್. ಹೆಚ್ಚುವರಿ 3 ಸೆಂಟ್ ಎಂದರೆ 30 ಡಾಲರ್, ಸದ್ದಿಲ್ಲದೆ ಹೋಯಿತು. ಇದರ ಮೇಲೆ ಎರಡು ಆರ್ಡರುಗಳ ನಡುವಿನ ಅರ್ಧ ನಿಮಿಷದಲ್ಲಿ ಮಾರುಕಟ್ಟೆ 5 ಸೆಂಟ್ ಏರಿದರೆ ಇನ್ನೂ 50 ಡಾಲರ್ ಕೈಬಿಡುತ್ತದೆ. ಇಳಿದರೆ ಲಾಭವೂ ಆಗಬಹುದು ನಿಜ, ಆದರೆ ಪೊಸಿಷನ್ ಮುಂದುವರಿಸಲು ಬಂದವರು ಆ ಅರ್ಧ ನಿಮಿಷ ಜೂಜಾಡಬೇಕಾದ ಅಗತ್ಯವಿಲ್ಲ.

ಎಕ್ಸ್‌ಚೇಂಜಿನಲ್ಲಿ ಕ್ಯಾಲೆಂಡರ್ ಸ್ಪ್ರೆಡ್ ಎಂಬ ಪ್ರತ್ಯೇಕ ಕಿಟಕಿ ಇರುತ್ತದೆ. ಅಲ್ಲಿ ವ್ಯಾಪಾರವಾಗುವುದು ಎರಡು ತಿಂಗಳುಗಳ ನಡುವಿನ ಅಂತರ ಮಾತ್ರ. ಡಬ್ಲ್ಯುಟಿಐನಲ್ಲಿ ಹತ್ತಿರದ ತಿಂಗಳ ಬೆಲೆಯಿಂದ ದೂರದ ತಿಂಗಳದ್ದನ್ನು ಕಳೆದು ಬೆಲೆ ಹೇಳುತ್ತಾರೆ. ಇಲ್ಲಿ ಬಿಡ್ ಮೈನಸ್ 0.92, ಆಸ್ಕ್ ಮೈನಸ್ 0.90 ಇದೆ ಎನ್ನೋಣ. ಲಾಂಗ್ ಇರುವವರು ಸ್ಪ್ರೆಡ್ಡನ್ನು ಮಾರಬೇಕು, ಆಗ ಹತ್ತಿರದ್ದು ಮಾರಾಟವಾಗಿ ದೂರದ್ದು ಖರೀದಿಯಾಗುತ್ತದೆ. ತಿರುವುಮುರುವಾಗಿ ಕೊಂಡುಬಿಟ್ಟರೆ ಹಳೆ ತಿಂಗಳಲ್ಲಿ ಎರಡು ಲಾಂಗ್, ಮುಂದಿನದರಲ್ಲಿ ಒಂದು ಶಾರ್ಟ್ ಆಗಿ ಕೂರುತ್ತದೆ. ಆರ್ಡರ್ ಒತ್ತುವ ಮುಂಚೆ ಇದನ್ನು ಮತ್ತೊಮ್ಮೆ ನೋಡಿ.

ಬಿಡ್‌ಗೇ ಮಾರಿದರೂ ಅಂತರ 92 ಸೆಂಟ್. ನಡುಬೆಲೆಗಿಂತ ಒಂದೇ ಸೆಂಟ್, ಅಂದರೆ 10 ಡಾಲರ್ ಹೆಚ್ಚು. ಎರಡೂ ಕಡೆ ಒಟ್ಟಿಗೇ ಆಗುವುದರಿಂದ ನಡುವೆ ಬೆಲೆ ಜಾರುವ ಭಯವಿಲ್ಲ. ಮೈನಸ್ 0.91ಕ್ಕೆ ಲಿಮಿಟ್ ಹಾಕಿ ಸ್ವಲ್ಪ ಹೊತ್ತು ಕಾದು ನೋಡಬಹುದು. ಬ್ರೋಕರೇಜ್ ಮಾತ್ರ ಎರಡು ಕಾಂಟ್ರಾಕ್ಟಿಗೂ ಬೀಳುತ್ತದೆ, ಅದು ತಪ್ಪುವುದಿಲ್ಲ.

ಆ 92 ಸೆಂಟ್ ನಷ್ಟವೇ?

ಹೆಚ್ಚು ಜನ ಎಡವುವುದು ಇಲ್ಲೇ. 70ಕ್ಕೆ ಮಾರಿ 70.92ಕ್ಕೆ ಕೊಂಡೆ, 920 ಡಾಲರ್ ಹೋಯಿತು ಎಂದು ಕೆಲವರು ಕೊರಗುತ್ತಾರೆ. ರೋಲ್ ಮಾಡಿದ ಕ್ಷಣದಲ್ಲಿ ಅಷ್ಟು ಹಣ ಖಾತೆಯಿಂದ ಹೋಗಿರುವುದಿಲ್ಲ. ಹೊಸ ಕಾಂಟ್ರಾಕ್ಟಿಗೆ ಆಗಿನ ಮಾರುಕಟ್ಟೆ ಬೆಲೆಯೇ ಅಷ್ಟು. ಆ ಕ್ಷಣದ ಖರ್ಚು ನಡುಬೆಲೆಗಿಂತ ಹೆಚ್ಚು ಕೊಟ್ಟ 10 ಡಾಲರ್ ಮತ್ತು ಬ್ರೋಕರೇಜ್, ಅಷ್ಟೇ.

ಉಳಿದ 91 ಸೆಂಟ್ ಮುಂದಿನ ತಿಂಗಳಿಡೀ ನಿಧಾನವಾಗಿ ಕರಗುತ್ತದೆ. ದೂರದ ತಿಂಗಳ ಬೆಲೆಯಲ್ಲಿ ತೈಲವನ್ನು ಅಲ್ಲಿಯವರೆಗೆ ಇಡುವ ಬಾಡಿಗೆ, ಬಡ್ಡಿ, ವಿಮೆ ಸೇರಿರುತ್ತದೆ. ಎಕ್ಸ್‌ಪೈರಿ ಹತ್ತಿರವಾದಷ್ಟೂ ಆ ಬೆಲೆ ಸ್ಪಾಟ್ ಬೆಲೆಯತ್ತ ಇಳಿಯುತ್ತ ಬರುತ್ತದೆ. ತೈಲದ ಬೆಲೆ ಒಂದಿಷ್ಟೂ ಅಲುಗದೆ, ತಿಂಗಳುಗಳ ನಡುವಿನ ಅಂತರವೂ ಹೀಗೇ ಉಳಿದರೆ ನಿಮ್ಮ 70.92ರ ಕಾಂಟ್ರಾಕ್ಟ್ ಮುಂದಿನ ರೋಲ್ ಹೊತ್ತಿಗೆ 70.01ರ ಹತ್ತಿರ ಬಂದಿರುತ್ತದೆ. ಹನ್ನೆರಡು ತಿಂಗಳು ಹೀಗೇ ಸಾಗಿದರೆ ಬ್ಯಾರೆಲ್‌ಗೆ ಸುಮಾರು 11 ಡಾಲರ್, ಮೂಲ ಬೆಲೆಯ ಶೇ 15ಕ್ಕಿಂತ ಹೆಚ್ಚು! ತೈಲ ಏರುತ್ತದೆ ಎಂಬ ನಿಮ್ಮ ಅಂದಾಜು ಸರಿಯಿದ್ದರೂ ಏರಿಕೆ ಇದಕ್ಕಿಂತ ಕಡಿಮೆಯಾದರೆ ಕೈಗೆ ಏನೂ ದಕ್ಕುವುದಿಲ್ಲ.

ದೂರದ ತಿಂಗಳು ದುಬಾರಿಯಿರುವ ಈ ಸ್ಥಿತಿಗೆ ಕಾಂಟ್ಯಾಂಗೊ ಎನ್ನುತ್ತಾರೆ. ಹತ್ತಿರದ್ದೇ ದುಬಾರಿಯಾಗಿದ್ದರೆ ಅದು ಬ್ಯಾಕ್‌ವರ್ಡೇಶನ್, ಆಗ ಲಾಂಗ್ ಇದ್ದವರಿಗೆ ಇದೇ ಲೆಕ್ಕ ಅನುಕೂಲವಾಗಿ ತಿರುಗುತ್ತದೆ. ಶಾರ್ಟ್ ಇದ್ದವರಿಗೆ ಎರಡೂ ಉಲ್ಟಾ. ಹಾಗಾಗಿ ರೋಲ್ ಮಾಡುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಮುಂದಿನ ತಿಂಗಳಲ್ಲಿ ಬೆಲೆ 91 ಸೆಂಟಿಗಿಂತ ಹೆಚ್ಚು ಏರುತ್ತದೆ ಎಂಬ ನಂಬಿಕೆ ನನಗಿದೆಯೇ? ಇಲ್ಲವಾದರೆ ರೋಲ್ ಮಾಡದೆ ಪೊಸಿಷನ್ ಮುಗಿಸುವುದೇ ಲೇಸು.

ರೋಲ್ ಆದ ಮೇಲೆ

ಹಳೆ ಕಾಂಟ್ರಾಕ್ಟಿನಲ್ಲಿ 68ಕ್ಕೆ ಕೊಂಡು 70ಕ್ಕೆ ಮಾರಿದ 2 ಡಾಲರ್ ಲಾಭ ಖಾತೆಗೆ ಬಂತು. ಹೊಸದರ ಖರೀದಿ ಬೆಲೆ 70.92 ಎಂದು ಸ್ಕ್ರೀನ್ ತೋರಿಸುತ್ತದೆ. ನಿಮ್ಮ ನಿಜವಾದ ಅಸಲು ಬೆಲೆ 68 ಅಲ್ಲ, 70.92 ಕೂಡ ಅಲ್ಲ. 70.92ರಿಂದ ಆ 2 ಡಾಲರ್ ಕಳೆಯಿರಿ, 68.92 ಬರುತ್ತದೆ. ಹೊಸ ಕಾಂಟ್ರಾಕ್ಟ್ ಈ ಬೆಲೆಗಿಂತ ಮೇಲಿದ್ದರೆ ಮಾತ್ರ ಮೊದಲಿನಿಂದ ಸೇರಿಸಿ ನೀವು ಲಾಭದಲ್ಲಿದ್ದೀರಿ, ಬ್ರೋಕರೇಜ್ ಬೇರೆ. ಪ್ರತಿ ರೋಲ್‌ಗೂ ಈ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದಿಡಿ, ಪ್ಲಾಟ್‌ಫಾರ್ಮ್ ಇದನ್ನು ನಿಮಗಾಗಿ ಜೋಡಿಸಿಡುತ್ತದೆ ಎಂದು ನಂಬಬೇಡಿ.

ಸ್ಟಾಪ್‌ಲಾಸ್ ಕೂಡ ಇದೇ ಅಂತರದಷ್ಟು ಸರಿಯಬೇಕು. ಹಳೆಯದು 66ರಲ್ಲಿದ್ದರೆ ಹೊಸದನ್ನು 66.92ಕ್ಕೆ ಇಡಿ. ಹಳೆ ತಿಂಗಳ ಸ್ಟಾಪ್ ಆರ್ಡರನ್ನು ಮರೆಯದೆ ರದ್ದುಮಾಡಿ. ಅದು ಹಾಗೇ ಉಳಿದು ಹಳೆ ಕಾಂಟ್ರಾಕ್ಟ್ 66ಕ್ಕೆ ಇಳಿದರೆ, ನಿಮ್ಮ ಬಳಿ ಇಲ್ಲದ ಕಾಂಟ್ರಾಕ್ಟ್ ಮಾರಾಟವಾಗಿ, ಎಕ್ಸ್‌ಪೈರಿ ಬಾಗಿಲಲ್ಲಿ ಬೇಡದ ಶಾರ್ಟ್ ಪೊಸಿಷನ್ ಒಂದು ತೆರೆದುಕೊಳ್ಳುತ್ತದೆ. ಪೊಸಿಷನ್ ಪಟ್ಟಿಯಲ್ಲಿ ಹಳೆ ತಿಂಗಳ ಎದುರು 0, ಹೊಸದರ ಎದುರು 1 ಇದೆಯೇ, ಬಾಕಿ ಆರ್ಡರುಗಳಲ್ಲಿ ಹಳೆ ತಿಂಗಳ ಹೆಸರು ಎಲ್ಲೂ ಇಲ್ಲವೇ ಎಂದು ಅದೇ ದಿನ ನೋಡಿ ಮುಗಿಸಿ.