ತೊಟ್ಟಿಯ ಕೆಂಪು ಹುಳುವಿನ ನಡುವೆ ಸೊಳ್ಳೆಮರಿಯನ್ನು ಗುರುತಿಸಿದ ಬಗೆ

ಮಳೆಗಾಲದಲ್ಲಿ ಕುಮಟಾ, ಅಂಕೋಲಾ ಕಡೆಯ ಹಳ್ಳಿಗಳಲ್ಲಿ ಲಾರ್ವಾ ಸಮೀಕ್ಷೆ ನಡೆಯುವಾಗ ಆಶಾ ಕಾರ್ಯಕರ್ತೆಯರು ನೀರಿನ ತೊಟ್ಟಿ, ಡ್ರಮ್ಮು, ಹಳೆಯ ಟಯರುಗಳ ಫೋಟೋ ತೆಗೆದು ನನಗೆ ಕಳುಹಿಸುತ್ತಾರೆ. ಅದರಲ್ಲಿ ಮಿಸುಕಾಡುತ್ತಿರುವುದು ಸೊಳ್ಳೆಮರಿಯೋ ಬೇರೆ ಹುಳುವೋ ಎಂದು ನೋಡಿ ಹೇಳುವುದು ನನ್ನ ಕೆಲಸದ ಒಂದು ಭಾಗ. ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವುದು ತೊಟ್ಟಿಯ ತಳದಲ್ಲಿರುವ ಕೆಂಪು ಹುಳು. ಅದು ಕೈರೊನೊಮಸ್ ಎಂಬ, ಕಚ್ಚದ ನುಸಿಯ ಮರಿ. ಮೈಯಲ್ಲಿ ಹಿಮೋಗ್ಲೋಬಿನ್ ಇರುವುದರಿಂದ ಅದಕ್ಕೆ ಆ ಕೆಂಪು ಬಣ್ಣ ಬಂದಿದೆ, ಆಮ್ಲಜನಕ ಕಡಿಮೆ ಇರುವ ಕೆಸರಿನಲ್ಲೂ ಅದು ಬದುಕುತ್ತದೆ.

ಒಂದು ಮನೆಯ ಬಚ್ಚಲಿನ ಪಕ್ಕದ ಸಿಮೆಂಟ್ ತೊಟ್ಟಿಯ ಫೋಟೋವನ್ನು ಇಲ್ಲಿ ವಿವರವಾಗಿ ಹೇಳುತ್ತೇನೆ. ನೇರ ಮೇಲಿನಿಂದ ತೆಗೆದ ಆ ಚಿತ್ರದಲ್ಲಿ ಆಕಾಶದ ಮತ್ತು ತೆಂಗಿನ ಗರಿಯ ಪ್ರತಿಬಿಂಬವೇ ಹೆಚ್ಚಾಗಿತ್ತು. ತಳದಲ್ಲಿ ಕೆಂಪು ಎಳೆಗಳು ಕಾಣುತ್ತಿದ್ದವು. ‘ತೊಟ್ಟಿ ತುಂಬ ಸೊಳ್ಳೆ ಹುಳ ಆಗಿದೆ, ಔಷಧ ಹಾಕಿಸಿ’ ಎಂದು ಮನೆಯವರು ಹೇಳುತ್ತಿದ್ದಾರೆಂದು ಕಾರ್ಯಕರ್ತೆ ಬರೆದಿದ್ದರು. ಅಷ್ಟನ್ನೇ ನೋಡಿ ಉತ್ತರ ಕೊಡದೆ ನಾನು ಇನ್ನೊಮ್ಮೆ ಫೋಟೋ ಕೇಳಿದೆ. ಮೈಯ ನೆರಳು ನೀರಿನ ಮೇಲೆ ಬಿದ್ದ ಕೂಡಲೇ ಸೊಳ್ಳೆಮರಿಗಳು ತಳಕ್ಕೆ ಇಳಿಯುತ್ತವೆ; ಉಸಿರಿಗಾಗಿ ಅವು ಮತ್ತೆ ಮೇಲೆ ಬರಲೇಬೇಕಾದ್ದರಿಂದ, ನೆರಳು ಬೀಳದಂತೆ ನಿಂತು ಒಂದೆರಡು ನಿಮಿಷ ಕಾಯಬೇಕು. ಆಮೇಲೆ ತೊಟ್ಟಿಯ ಅಂಚಿನಲ್ಲಿ ಸೌಟನ್ನು ಓರೆಯಾಗಿ ಮುಳುಗಿಸಿ, ಬಂದ ನೀರನ್ನು ಬಿಳಿಯ ಬಟ್ಟಲಿಗೆ ಸುರಿದು, ಪಕ್ಕದಲ್ಲಿ ಮಕ್ಕಳ ಸ್ಕೇಲ್ ಇಟ್ಟು, ಫ್ಲ್ಯಾಷ್ ಹಾಕದೆ ಹತ್ತಿರದಿಂದ ಫೋಟೋ ತೆಗೆಯಬೇಕು. ತಳದ ಕೆಸರನ್ನೂ ಸ್ವಲ್ಪ ಬೇರೆ ಬಟ್ಟಲಿಗೆ ತೆಗೆಯಲು ಹೇಳಿದೆ. ಹತ್ತು ಸೆಕೆಂಡಿನ ವಿಡಿಯೋ ಇದ್ದರಂತೂ ಫೋಟೋಕ್ಕಿಂತ ಮೇಲು, ಏಕೆಂದರೆ ಹುಳು ಚಲಿಸುವ ರೀತಿಯೇ ಅರ್ಧ ಉತ್ತರವನ್ನು ಕೊಡುತ್ತದೆ.

ಕೆಸರಿನ ಬಟ್ಟಲಿನಲ್ಲಿದ್ದ ಕೆಂಪು ಹುಳುಗಳ ಮೈ ತಲೆಯಿಂದ ಬಾಲದವರೆಗೆ ಒಂದೇ ದಪ್ಪವಾಗಿತ್ತು, ತಲೆಯ ಹಿಂದೆ ಮತ್ತು ಬಾಲದ ತುದಿಯಲ್ಲಿ ಒಂದೊಂದು ಜೊತೆ ಮೋಟು ಕಾಲುಗಳಿದ್ದವು. ಈಜುವಾಗ ಅವು ಮೈಯನ್ನು ಎಂಟರ ಅಂಕಿಯಂತೆ ಸುತ್ತಿಕೊಂಡು ಬಿಚ್ಚುತ್ತಿದ್ದವು. ಉಸಿರಿಗಾಗಿ ಮೇಲೆ ಬಂದು ತೂಗಿಕೊಳ್ಳಲಿಲ್ಲ. ಸೌಟಿನ ನೀರಿನ ಬಟ್ಟಲಿನಲ್ಲಿ ಮಾತ್ರ ಬೂದು ಬಣ್ಣದ, ಸುಮಾರು 6 ಮಿಲಿಮೀಟರ್ ಉದ್ದದ ಕೆಲವು ಮರಿಗಳು ತಲೆ ಕೆಳಗಾಗಿ, ಬಾಲದ ತುದಿಯ ಕೊಳವೆಯನ್ನು ನೀರಿನ ಮೇಲ್ಮೈಗೆ ತಾಗಿಸಿ ಓರೆಯಾಗಿ ತೂಗುತ್ತಿದ್ದವು. ಅವುಗಳ ಎದೆಯ ಭಾಗ ತಲೆಗಿಂತಲೂ ಹೊಟ್ಟೆಗಿಂತಲೂ ಅಗಲ, ಕಾಲು ಇಲ್ಲವೇ ಇಲ್ಲ. ಇದು ಸೊಳ್ಳೆಮರಿಯೇ, ಕೊಳವೆ ಮೋಟಾಗಿ ದಪ್ಪಗಿದ್ದುದರಿಂದ ಡೆಂಗಿ ಹರಡುವ ಈಡಿಸ್ ಗುಂಪಿನದೆಂದು ಬಲವಾದ ಅನುಮಾನ ಬಂತು. ಕ್ಯೂಲೆಕ್ಸ್ ಆಗಿದ್ದರೆ ಕೊಳವೆ ಉದ್ದವಾಗಿ ತೆಳ್ಳಗಿರುತ್ತಿತ್ತು. ಮಲೇರಿಯಾದ ಅನಾಫಿಲಿಸ್ ಮರಿಗೆ ಕೊಳವೆಯೇ ಇರುವುದಿಲ್ಲ, ಅದು ಮೇಲ್ಮೈಗೆ ಸಮಾನಾಂತರವಾಗಿ ಮಲಗಿರುತ್ತದೆ.

ಎದ್ದು ಕಾಣುವ ಕೆಂಪು ಹುಳುವಿನ ಮೇಲೆಯೇ ಎಲ್ಲರ ಕಣ್ಣು ಹೋಗುತ್ತದೆ, ಅದರ ಮೇಲೆ ತೂಗುತ್ತಿರುವ ಮಸುಕು ಮರಿ ತಪ್ಪಿಹೋಗುತ್ತದೆ. ಇದರಿಂದ ಎರಡು ಕಡೆಯೂ ನಷ್ಟವಿದೆ. ಬರೀ ಕೆಂಪು ಹುಳು ಇರುವ ತೊಟ್ಟಿಯನ್ನು ಈಡಿಸ್ ಇರುವ ತೊಟ್ಟಿಯೆಂದು ಬರೆದುಕೊಂಡರೆ ಊರಿನ ಮನೆ ಸೂಚ್ಯಂಕ, ಅಂದರೆ ಈಡಿಸ್ ಮರಿ ಸಿಕ್ಕ ಮನೆಗಳ ಶೇಕಡಾವಾರು ಲೆಕ್ಕ, ಸುಳ್ಳಾಗಿ ಏರುತ್ತದೆ ಮತ್ತು ಟೆಮಿಫಾಸ್ ಔಷಧವೂ ಸಿಬ್ಬಂದಿಯ ಹೊತ್ತೂ ಬೇಡದ ಕಡೆ ಹೋಗುತ್ತವೆ. ‘ಇದು ಬರೀ ಕೆಂಪು ಹುಳು’ ಎಂದು ಬಿಟ್ಟುಬಿಟ್ಟರೆ ಒಂದು ವಾರದೊಳಗೆ ಅದೇ ತೊಟ್ಟಿಯಿಂದ ಈಡಿಸ್ ಸೊಳ್ಳೆಗಳು ಹಾರಿಹೋಗಬಹುದು.

ಮಾಡಬೇಕಾದ ಕೆಲಸವೂ ಎರಡಕ್ಕೂ ಒಂದೇ ಅಲ್ಲ. ಕೆಂಪು ಹುಳುವಿಗೆ ತಳದ ಕೆಸರನ್ನು ಬಳಿದು ತೆಗೆದರೆ ಸಾಕು. ಈಡಿಸ್ ಮೊಟ್ಟೆಗಳು ನೀರಿನ ಮಟ್ಟದ ಸ್ವಲ್ಪ ಮೇಲೆ ತೊಟ್ಟಿಯ ಗೋಡೆಗೆ ಅಂಟಿಕೊಂಡಿರುತ್ತವೆ, ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಆದ್ದರಿಂದ ನೀರು ಚೆಲ್ಲಿದ ಮೇಲೆ ಗೋಡೆಯನ್ನು ಗಟ್ಟಿ ಬ್ರಷ್ಷಿನಿಂದ ತಿಕ್ಕಬೇಕು. ಆ ಮನೆಯಲ್ಲಿ ಹಾಗೆಯೇ ಮಾಡಿಸಿ, ಔಷಧ ಹಾಕದೆ, ತೊಟ್ಟಿಯ ಮೇಲೆ ಬಟ್ಟೆ ಬಿಗಿದು ಮುಚ್ಚಲು ಹೇಳಿದೆವು.

ಫೋಟೋದಲ್ಲಿ ಅಲ್ಪವಿರಾಮದ ಆಕಾರದ, ತಲೆಯ ಬಳಿ ಎರಡು ಪುಟ್ಟ ಕೊಂಬುಗಳಂತೆ ಉಸಿರುಗೊಳವೆಗಳಿರುವ ಜೀವಿ ಕಂಡರೆ ನಾನು ಮರುದಿನಕ್ಕೆ ಕಾಯುವುದಿಲ್ಲ. ಅದು ಸೊಳ್ಳೆಯ ಕೋಶಾವಸ್ಥೆ, ಎರಡು ಮೂರು ದಿನಗಳಲ್ಲಿ ಸೊಳ್ಳೆ ಹೊರಬರುತ್ತದೆ. ಆಗತಾನೆ ಮೊಟ್ಟೆಯೊಡೆದ, ಒಂದು ಮಿಲಿಮೀಟರಿನ ಮರಿ ಮಾತ್ರ ಎಷ್ಟು ಚೆನ್ನಾದ ಫೋಟೋದಲ್ಲೂ ಸಿಗುವುದು ಕಷ್ಟ. ಈಡಿಸ್‌ನಲ್ಲಿ ಈಜಿಪ್ಟಿಯೋ ಆಲ್ಬೋಪಿಕ್ಟಸ್ಸೋ ಎಂಬುದನ್ನೂ ಫೋಟೋ ಹೇಳಲಾರದು. ಅದಕ್ಕೆ ಮರಿಯ ಹೊಟ್ಟೆಯ ಎಂಟನೆಯ ಖಂಡದ ಮೇಲಿರುವ ಬಾಚಣಿಗೆ ಹಲ್ಲುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅಂಥ ಮರಿಗಳನ್ನು ಅದೇ ತೊಟ್ಟಿಯ ನೀರಿನೊಂದಿಗೆ ಬಾಟಲಿಯಲ್ಲಿ ಅರ್ಧ ಮಾತ್ರ ತುಂಬಿಸಿ, ಮನೆಯ ಗುರುತು ಬರೆದ ಚೀಟಿ ಅಂಟಿಸಿ, ಅದೇ ದಿನ ತಂದುಕೊಡುವಂತೆ ಕಾರ್ಯಕರ್ತೆಯರಿಗೆ ಹೇಳಿದ್ದೇನೆ.