ಗನ್ ಸಿಕ್ಕಿಸಿದರೂ ಕಾರು ಚಾರ್ಜ್ ಆಗದಿದ್ದರೆ

ಹೆದ್ದಾರಿ ಬದಿಯ ಡಿಸಿ ಫಾಸ್ಟ್ ಚಾರ್ಜರ್. ಗನ್ ಸಿಕ್ಕಿಸಿ, ಆ್ಯಪ್‌ನಲ್ಲಿ ಸ್ಟಾರ್ಟ್ ಒತ್ತಿ ಕಾಯುತ್ತೀರಿ. ಪರದೆಯ ಮೇಲೆ `Preparing` ಎಂದು ಬಂದು, ಸ್ವಲ್ಪ ಹೊತ್ತಿಗೆ ಅದೂ ಹೋಗಿ ಎರರ್ ಬರುತ್ತದೆ. ಆಗ ಹೆಚ್ಚಿನವರು ಗನ್ ತೆಗೆಯದೆ ಮತ್ತೆ ಮತ್ತೆ ಸ್ಟಾರ್ಟ್ ಒತ್ತುತ್ತಾರೆ. ಅದರಿಂದ ವ್ಯಾಲೆಟ್‌ನ ಹಣ ತಾತ್ಕಾಲಿಕವಾಗಿ ಸಿಕ್ಕಿಕೊಳ್ಳಬಹುದೇ ಹೊರತು ಕೆಲಸ ಆಗುವುದು ಅಪರೂಪ. ಆ ಅರ್ಧ ನಿಮಿಷದಲ್ಲಿ ಕಾರು ಮತ್ತು ಚಾರ್ಜರ್ ನಡುವೆ ಏನು ನಡೆಯುತ್ತದೆ ಎಂದು ಗೊತ್ತಿದ್ದರೆ, ಎಡವಟ್ಟು ಎಲ್ಲಾಗಿದೆ ಎಂದು ನಿಂತಲ್ಲೇ ಹೇಳಬಹುದು.

ನಮ್ಮಲ್ಲಿನ ಬಹುತೇಕ ಕಾರುಗಳಿಗೆ ಬಳಸುವ ಸಿಸಿಎಸ್‌–2 ಗನ್‌ನಲ್ಲಿ ಕೆಳಗಿನ ಎರಡು ದಪ್ಪ ಪಿನ್‌ಗಳಲ್ಲಿ ಕರೆಂಟ್ ಹರಿಯುತ್ತದೆ. ಮೇಲಿನ ಭಾಗದ ಸಣ್ಣ ಪಿನ್‌ಗಳಲ್ಲಿ ಎರಡು ಮಾತುಕತೆಗೆ ಮೀಸಲು. ಗನ್ ಕೂತಿದೆಯೇ ಎಂದು ಒಂದು ತಿಳಿಸುತ್ತದೆ. ಇನ್ನೊಂದರ ಮೂಲಕ ಕಾರು ತನಗೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಬೇಕು ಎಂದು ಚಾರ್ಜರ್‌ಗೆ ಹೇಳುತ್ತದೆ. ಹ್ಯಾಂಡ್‌ಶೇಕ್ ಎನ್ನುವುದು ಇದಕ್ಕೇ. ಜೊತೆಗೆ ಕಾರು ಗನ್ನನ್ನು ಲಾಕ್ ಮಾಡುತ್ತದೆ. ಆಮೇಲೆ ಚಾರ್ಜರ್ ಕೇಬಲ್‌ಗೆ ಕೆಲವು ನೂರು ವೋಲ್ಟ್ ಕೊಟ್ಟು ಎಲ್ಲಾದರೂ ಸೋರಿಕೆ ಇದೆಯೇ ಎಂದು ಪರೀಕ್ಷಿಸುತ್ತದೆ. ನಂತರ ತನ್ನ ವೋಲ್ಟೇಜನ್ನು ಬ್ಯಾಟರಿಯ ವೋಲ್ಟೇಜಿಗೆ ಹೊಂದಿಸುತ್ತದೆ. ಕೊನೆಗೆ ಕಾರಿನೊಳಗಿನ ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ ‘ಟಕ್’ ಎಂದು ಮುಚ್ಚಿಕೊಂಡು ಕರೆಂಟ್ ಹರಿಯತೊಡಗುತ್ತದೆ. ಈ ಸರಪಳಿಯಲ್ಲಿ ಎಲ್ಲಿ ತಪ್ಪಿದರೂ ಇಡೀ ಸೆಷನ್ ರದ್ದು.

ಮೊದಲು ಪರದೆ ನೋಡಿ

ಚಾರ್ಜರ್ ಪರದೆಯಲ್ಲಿ ವೋಲ್ಟೇಜ್ ಕಾಣುವಂತಿದ್ದರೆ ಅದರ ಮೇಲೊಂದು ಕಣ್ಣಿಡಿ. ಅಂಕಿ ಸೊನ್ನೆಯಿಂದ ಮೇಲೇಳಲೇ ಇಲ್ಲವೆಂದರೆ ತೊಂದರೆ ಲಾಕ್ ಅಥವಾ ಹ್ಯಾಂಡ್‌ಶೇಕ್‌ನದ್ದು. ಕೆಲವು ನೂರಕ್ಕೆ ಏರಿ ದಿಢೀರನೆ ಬಿದ್ದರೆ ಸೋರಿಕೆ ಪರೀಕ್ಷೆ ಫೇಲಾಗಿರುವ ಸಾಧ್ಯತೆ ಹೆಚ್ಚು. ಇವೆರಡಕ್ಕೂ ಮೊದಲು ಚಾರ್ಜರ್‌ನ ಕೆಂಪು ಎಮರ್ಜೆನ್ಸಿ ಬಟನ್ ಒಳಗೆ ಒತ್ತಿಕೊಂಡಿದೆಯೇ ನೋಡಿ. ಯಾರೋ ಒತ್ತಿ ಹಾಗೇ ಬಿಟ್ಟು ಹೋಗಿರುತ್ತಾರೆ. ಏಕೆ ಒತ್ತಿದ್ದರು ಎಂದು ಅಲ್ಲಿದ್ದವರನ್ನು ಕೇಳಿ, ಸುಟ್ಟ ವಾಸನೆಯೋ ಹರಿದ ಕೇಬಲ್ಲೋ ಇಲ್ಲವೆಂದಾದರೆ ಮಾತ್ರ ತಿರುಗಿಸಿ ಬಿಡಿಸಿ.

ಲಾಕ್ ಬೀಳದಿದ್ದರೆ

ಸಿಸಿಎಸ್‌–2ರಲ್ಲಿ ಲಾಕ್ ಇರುವುದು ಗನ್‌ನಲ್ಲಲ್ಲ, ಕಾರಿನಲ್ಲಿ. ಚಾರ್ಜಿಂಗ್ ಪೋರ್ಟ್ ಒಳಗಿನ ಪುಟ್ಟ ಮೋಟರ್ ಒಂದು ಕಡ್ಡಿಯನ್ನು ತಳ್ಳುತ್ತದೆ. ಅದು ಗನ್‌ನ ಮೂತಿಯಲ್ಲಿರುವ ಗುಳಿಯೊಳಗೆ ಹೋಗಿ ಕೂರಬೇಕು. ಗನ್ ಒಂದೆರಡು ಮಿಲಿಮೀಟರ್ ಓರೆಯಾದರೂ ಕಡ್ಡಿ ಪ್ಲಾಸ್ಟಿಕ್‌ಗೆ ತಾಗಿ ವಾಪಸ್ ಬರುತ್ತದೆ. ಲಾಕ್ ಆಗಿದೆ ಎಂದು ಖಾತ್ರಿಯಾಗದೆ ಕಾರು ಮುಂದುವರಿಯಲು ಒಪ್ಪುವುದಿಲ್ಲ, ಒಪ್ಪಲೂಬಾರದು. ನೂರಾರು ವೋಲ್ಟ್ ಡಿಸಿ ಹರಿಯುವಾಗ ಗನ್ ಕಳಚಿದರೆ ಕಿಡಿ ಸುಮ್ಮನೆ ಆರುವುದಿಲ್ಲ.

ಗನ್ ಓರೆಯಾಗುವುದು ಕೇಬಲ್ ಭಾರಕ್ಕೆ. ಚಿತ್ರದುರ್ಗದ ಹತ್ತಿರ ಊಟಕ್ಕೆ ನಿಂತಾಗ ನಮ್ಮ ಭಾವನ ಕಾರಿಗೆ ಆಗಿದ್ದು ಇದೇ. ಅವರ ಕಾರಿನ ಪೋರ್ಟ್ ಇರುವುದು ಮುಂದಿನ ಎಡಭಾಗದಲ್ಲಿ. ಚಾರ್ಜರ್ ಇದ್ದದ್ದು ಬಲಕ್ಕೆ. ಕೇಬಲ್ ಬಾನೆಟ್ ಮುಂದಿನಿಂದ ಬಿಗಿಯಾಗಿ ಎಳೆದುಕೊಂಡು ಬಂದು ಗನ್ನನ್ನು ಕೆಳಕ್ಕೂ ಪಕ್ಕಕ್ಕೂ ಜಗ್ಗುತ್ತಿತ್ತು. ಸಿಕ್ಕಿಸಿದ ಕೂಡಲೇ ಪೋರ್ಟ್‌ನಿಂದ ‘ಕಟ್, ಕಟ್, ಕಟ್’ ಎಂದು ಸದ್ದು, ಆಮೇಲೆ ಮೌನ. ಅದು ಲಾಕ್ ಮೋಟರ್ ಪ್ರಯತ್ನಿಸಿ ಸೋತ ಸದ್ದು. ಪರದೆಯಲ್ಲಿ ವೋಲ್ಟೇಜ್ ಸೊನ್ನೆಯಲ್ಲೇ ಇತ್ತು. ಹೋಟೆಲ್ ಹುಡುಗ ‘ನೆಟ್‌ವರ್ಕ್ ಇಲ್ಲ ಸಾರ್, ಅದಕ್ಕೇ’ ಎಂದ. ನೆಟ್‌ವರ್ಕ್‌ಗೂ ಆ ಸದ್ದಿಗೂ ಸಂಬಂಧವೇ ಇಲ್ಲ.

ಭಾವ ಕಾರನ್ನು ತಿರುಗಿಸಿ, ಪೋರ್ಟ್ ಚಾರ್ಜರ್ ಕಡೆ ಬರುವಂತೆ ನಿಲ್ಲಿಸಿದರು. ಕೇಬಲ್ ಸಡಿಲವಾಯಿತು. ಗನ್ ಸಿಕ್ಕಿಸಿ, ಒಂದು ಕೈಯಲ್ಲಿ ಹಿಡಿ ಒತ್ತಿ, ಇನ್ನೊಂದು ಕೈಯಲ್ಲಿ ಕೇಬಲ್ ಭಾರ ಎತ್ತಿ ಹಿಡಿದರು. ಈ ಸಲ ಒಂದೇ ‘ಕಟ್’. ಅಲುಗಾಡಿಸಿದರೆ ಗನ್ ಬಿಗಿಯಾಗಿ ಕೂತಿತ್ತು. ಆಮೇಲೆ ಸ್ಟಾರ್ಟ್ ಒತ್ತಿದರು, ವೋಲ್ಟೇಜ್ ಏರಿತು, ಚಾರ್ಜ್ ಶುರುವಾಯಿತು.

ಲಾಕ್ ಬೀಳುವವರೆಗೆ ಹೀಗೆ ಹಿಡಿಯಬಹುದು. ಚಾರ್ಜ್ ಆಗುವ ಉದ್ದಕ್ಕೂ ಹಿಡಿದೇ ಇರಬೇಕು, ಕೈಬಿಟ್ಟರೆ ನಿಲ್ಲುತ್ತದೆ ಎಂದಾದರೆ ಆ ಗನ್ ಸವೆದಿದೆ ಎಂದರ್ಥ, ಬೇರೆಯದಕ್ಕೆ ಹೋಗಿ. ಕಲ್ಲನ್ನೋ ಹಗ್ಗವನ್ನೋ ಆನಿಸಿ ನಿಭಾಯಿಸುವವರನ್ನು ನೋಡಿದ್ದೇನೆ. ಅದು ಬೇಡ.

ಲಾಕ್ ಬಿದ್ದರೂ ಮಾತುಕತೆ ಕೂಡದಿದ್ದರೆ

ಒಮ್ಮೆ ಮುರಿದುಬಿದ್ದ ಹ್ಯಾಂಡ್‌ಶೇಕ್, ಗನ್ ಅಲ್ಲೇ ಇರುವಾಗ ಹೊಸದಾಗಿ ಶುರುವಾಗುವುದು ಕಡಿಮೆ. ಹಾಗಾಗಿ ಆ್ಯಪ್‌ನಲ್ಲಿ ಸೆಷನ್ ಮುಗಿಸಿ, ಗನ್ ಪೂರ್ತಿ ತೆಗೆದು ಚಾರ್ಜರ್‌ನ ಹೋಲ್ಡರ್‌ನಲ್ಲಿಡಿ. ಕಾರು ಆಫ್ ಮಾಡಿ, ಇಳಿದು, ಬಾಗಿಲು ಲಾಕ್ ಮಾಡಿ ಕೆಲವು ನಿಮಿಷ ಬಿಡಿ. ಕಾರಿನ ಕಂಪ್ಯೂಟರ್‌ಗಳು ಮಲಗಿ ಏಳಬೇಕು. ಆಮೇಲೆ ಮೊದಲು ಗನ್, ನಂತರ ಸ್ಟಾರ್ಟ್. ಆ್ಯಪ್‌ನಲ್ಲಿ ಮೊದಲೇ ಸ್ಟಾರ್ಟ್ ಒತ್ತಿ ನಿಧಾನವಾಗಿ ಗನ್ ಹುಡುಕುತ್ತಾ ಹೋದರೆ ಚಾರ್ಜರ್ ಕಾಯುವ ಅವಧಿಯೇ ಮುಗಿದುಹೋಗುತ್ತದೆ.

ಇದರಿಂದಲೂ ಆಗದಿದ್ದರೆ ಅದೇ ಚಾರ್ಜರ್‌ನ ಇನ್ನೊಂದು ಗನ್, ಆಮೇಲೆ ಬೇರೆ ಸ್ಟೇಷನ್. ಎರಡು ಮೂರು ಕಡೆ ಇದೇ ಹಾಡಾದರೆ ಕಾರಿನ 12 ವೋಲ್ಟ್ ಬ್ಯಾಟರಿಯನ್ನು ಪರೀಕ್ಷೆ ಮಾಡಿಸಿ. ಲಾಕ್ ಮೋಟರ್, ಕಾಂಟ್ಯಾಕ್ಟರ್, ಕಂಪ್ಯೂಟರ್ ಎಲ್ಲವೂ ನಂಬಿರುವುದು ಅದನ್ನೇ. ದೊಡ್ಡ ಬ್ಯಾಟರಿ ಸರಿಯಾಗಿದ್ದರೂ ಇದು ಸೊರಗಿದ್ದರೆ ಚಾರ್ಜಿಂಗ್ ಕೈಕೊಡಬಹುದು.

ವೋಲ್ಟೇಜ್ ಏರಿ ಬಿದ್ದ ಪ್ರಕರಣದಲ್ಲಿ ಪೋರ್ಟ್ ಮತ್ತು ಗನ್‌ನ ಒಳಗೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ನೀರು, ಕೆಸರು ಕಂಡರೆ ಅಲ್ಲಿಗೇ ಬಿಡಿ. ಒಳಗೆ ಬಟ್ಟೆ, ಬೆರಳು, ಕಡ್ಡಿ ಏನನ್ನೂ ಹಾಕಬೇಡಿ. ಪಿನ್ ಕಪ್ಪಾಗಿದ್ದರೆ ಅಥವಾ ಕರಗಿದ್ದರೆ ಆ ಗನ್ನನ್ನು ಕಾರಿಗೆ ತಾಗಿಸಲೇಬಾರದು.

ನಡುವೆ ನಿಂತರೆ

ಎಷ್ಟಕ್ಕೆ ನಿಂತಿತು ನೋಡಿ. 80 ಶೇಕಡಾಕ್ಕೆ ಸರಿಯಾಗಿ ನಿಂತಿದ್ದರೆ ಕಾರಿನಲ್ಲೋ ಆ್ಯಪ್‌ನಲ್ಲೋ ಮಿತಿ ಹಾಕಿರಬಹುದು. ರೂಪಾಯಿ ಅಥವಾ ಯೂನಿಟ್ ಲೆಕ್ಕದ ಸೆಷನ್ ಆ ಮೊತ್ತಕ್ಕೆ, ವ್ಯಾಲೆಟ್ ಖಾಲಿಯಾದರೆ ಅಲ್ಲಿಗೆ ಮುಗಿಯುತ್ತದೆ. ಕಿಲೋವ್ಯಾಟ್ ಮೊದಲು ಇಳಿದು, ಆಮೇಲೆ ನಿಂತರೆ ಬಿಸಿ ಕಾರಣವಿರಬಹುದು. ಪೋರ್ಟ್‌ನಲ್ಲೂ ಗನ್‌ನಲ್ಲೂ ತಾಪ ಅಳೆಯುವ ಸೆನ್ಸರ್‌ಗಳಿರುತ್ತವೆ. ಚಾರ್ಜರ್‌ನ ಪರದೆಯೇ ಆರಿ ಮತ್ತೆ ಹೊತ್ತಿಕೊಂಡರೆ ಕರೆಂಟ್ ಹೋಗಿ ಬಂದಿದೆ. ಜನರೇಟರ್‌ಗೆ ಬದಲಾಗುವ ಹೋಟೆಲ್‌ಗಳಲ್ಲಿ ಇದು ಸಾಮಾನ್ಯ. ಆಗ ಹಳೆಯ ಸೆಷನ್ ತಾನಾಗಿ ಮುಂದುವರಿಯುತ್ತದೆ ಎಂದು ಕಾಯುತ್ತಾ ಕೂರುವುದಕ್ಕಿಂತ ಗನ್ ತೆಗೆದು ಮೊದಲಿನಿಂದ ಶುರುಮಾಡುವುದೇ ಸಲೀಸು.

ಗನ್ ಬಿಡದಿದ್ದರೆ

ಆ್ಯಪ್‌ನಲ್ಲೂ ಚಾರ್ಜರ್‌ನಲ್ಲೂ ಸೆಷನ್ ನಿಂತಿದೆ ಎಂದು ಖಚಿತ ಮಾಡಿಕೊಳ್ಳಿ. ಕಾರನ್ನು ಕೀಲಿಯಿಂದ ಅನ್‌ಲಾಕ್ ಮಾಡಿ. ಕೆಲವು ಕಾರುಗಳಲ್ಲಿ ಬಾಗಿಲ ಜೊತೆಗೇ ಗನ್ ಕೂಡ ಬಿಡುತ್ತದೆ. ಬಿಡದಿದ್ದರೆ ಗನ್ನನ್ನು ಎಳೆಯಬೇಡಿ, ಒಳಕ್ಕೆ ತಳ್ಳಿ ಹಿಡಿದು ಮತ್ತೆ ಅನ್‌ಲಾಕ್ ಒತ್ತಿ. ಎಳೆದಷ್ಟೂ ಲಾಕ್ ಕಡ್ಡಿ ಗುಳಿಯ ಅಂಚಿಗೆ ಸಿಕ್ಕಿಕೊಳ್ಳುತ್ತದೆ, ತಳ್ಳಿದರೆ ಸಡಿಲವಾಗುತ್ತದೆ. ಅದೂ ಆಗದಿದ್ದರೆ ಹಲವು ಕಾರುಗಳಲ್ಲಿ ಬಾನೆಟ್ ಒಳಗೋ ಡಿಕ್ಕಿಯ ಪಕ್ಕದ ಮುಚ್ಚಳದ ಹಿಂದೆಯೋ ಲಾಕ್ ಬಿಡಿಸುವ ತುರ್ತು ದಾರ ಇರುತ್ತದೆ. ನಿಮ್ಮ ಕಾರಿನಲ್ಲಿ ಅದು ಇದೆಯೇ, ಎಲ್ಲಿದೆ ಎಂದು ಕೈಪಿಡಿಯಲ್ಲಿ ನೋಡಿ, ಆ ಪುಟದ ಫೋಟೊ ಫೋನಿನಲ್ಲಿ ಇಟ್ಟುಕೊಳ್ಳಿ. ಚಾರ್ಜ್ ನಡೆಯುತ್ತಿರುವಾಗ ಮಾತ್ರ ಆ ದಾರ ಮುಟ್ಟಬೇಡಿ.

ಹೊರಡುವ ಮೊದಲು ಎರರ್ ಬಂದ ಪರದೆ, ಚಾರ್ಜರ್‌ನ ನಂಬರ್, ಆ್ಯಪ್‌ನ ಸೆಷನ್ ಸಂಖ್ಯೆ ಮೂರನ್ನೂ ಫೋಟೊ ತೆಗೆದುಕೊಳ್ಳಿ. ಕಡಿತವಾದ ಹಣಕ್ಕೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದಾಗ ಕೇಳುವುದು ಇವನ್ನೇ.