ಕುಜ ದೋಷ ಅಂದರೆ ಮೊದಲು ಲೆಕ್ಕ ಕೇಳಿ

ನಾನು ಜಾತಕ ನೋಡುವವನು. ಮದುವೆಗೆ ಸಾಲಾವಳಿ ಕೇಳಲು ಬರುವ ಎಷ್ಟೋ ಮಂದಿ ಬೇರೆ ಕಡೆ ಹೆದರಿಕೊಂಡು ನನ್ನ ಹತ್ತಿರ ಬರುತ್ತಾರೆ. ಹೆದರಿಸಲು ಜಾಸ್ತಿ ಬಳಕೆಯಾಗುವುದು ಕುಜ ದೋಷ.

ಒಬ್ಬ ತಾಯಿ ಮಗಳ ಜಾತಕ ತಂದಿದ್ದರು. "ಎಂಟನೇ ಮನೆಯಲ್ಲಿ ಕುಜ ಇದ್ದಾನಂತೆ, ಗಂಡನ ಪ್ರಾಣಕ್ಕೇ ಕಂಟಕವಂತೆ. ಅಮಾವಾಸ್ಯೆಯೊಳಗೆ ಶಾಂತಿ ಆಗಬೇಕಂತೆ, ಅದೂ ಅವರೇ ಮಾಡಬೇಕಂತೆ" ಎಂದರು. "ಅವರು ಹುಡುಗನ ಜಾತಕ ನೋಡಿದ್ರಾ ಅಮ್ಮಾ?" ಎಂದು ಕೇಳಿದೆ. ನೋಡಿರಲಿಲ್ಲ. ನನಗೆ ಅಷ್ಟು ಸಾಕಾಯಿತು. ಈ ದೋಷವನ್ನು ಎರಡೂ ಜಾತಕ ಪಕ್ಕಪಕ್ಕ ಇಟ್ಟುಕೊಂಡು ತೂಗಬೇಕು. ಇಬ್ಬರಿಗೂ ಇದ್ದರೆ ಪರಸ್ಪರ ಕಳೆದುಹೋಗುತ್ತದೆ ಎನ್ನುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ನಿಯಮ.

ಹುಡುಗಿ ಹುಟ್ಟಿದ ಹೊತ್ತಿಗೆ ಉದಯಿಸುತ್ತಿದ್ದ ರಾಶಿ, ಅಂದರೆ ಲಗ್ನ, ಮಿಥುನ. ಅಲ್ಲಿಂದ ಎಂಟನೇ ಮನೆ ಮಕರ, ಅದು ಕುಜ ಅತಿ ಬಲವಾಗಿರುವ ಉಚ್ಚ ರಾಶಿ. ಸ್ವಂತ ಮನೆಯಲ್ಲೋ ಉಚ್ಚದಲ್ಲೋ ಇರುವ ಕುಜನಿಗೆ ದೋಷ ಹೇಳಬಾರದು ಎನ್ನುವವರೇ ಹೆಚ್ಚು. ಹುಡುಗನ ಜಾತಕ ತರಿಸಿ ನೋಡಿದರೆ ಅವನಿಗೂ ನಾಲ್ಕರಲ್ಲಿ ಕುಜ. ಶಾಸ್ತ್ರದ ಲೆಕ್ಕದಲ್ಲೇ ಹೆದರಿಕೆಗೆ ಜಾಗವಿರಲಿಲ್ಲ.

ಇನ್ನೊಂದು ಮಾತು. ಲಗ್ನದಿಂದ 2, 4, 7, 8, 12ನೇ ಮನೆಯಲ್ಲಿ ಕುಜ ಇದ್ದರೆ ದೋಷ ಎನ್ನುತ್ತೇವೆ. ಹನ್ನೆರಡು ಮನೆಗಳಲ್ಲಿ ಐದು, ಅಂದರೆ ನೂರಕ್ಕೆ ಸುಮಾರು ನಲವತ್ತು ಜನರಿಗೆ ಬರುತ್ತದೆ. ಚಂದ್ರನಿಂದ, ಶುಕ್ರನಿಂದಲೂ ಎಣಿಸಿದರೆ ಬಿಟ್ಟುಹೋಗುವವರೇ ಕಮ್ಮಿ. ಇಷ್ಟು ಜನರ ಸಂಗಾತಿಗಳೆಲ್ಲ ಸಾಯುತ್ತಿದ್ದಾರಾ? ಸಾವಿನ ಮಾತು, ಗಡುವು, "ನಾನೇ ಮಾಡಬೇಕು" ಅನ್ನುವ ಷರತ್ತು, ಈ ಮೂರೂ ಒಟ್ಟಿಗೆ ಬಂದರೆ ಅದು ವ್ಯಾಪಾರ. ಒಂದು ಶಾಂತಿ ಮುಗಿದ ಮೇಲೆ ಇನ್ನೊಂದು ದೋಷ ಹೊರಗೆ ಬರುತ್ತದೆ, ಅದರ ಖರ್ಚು ಮೊದಲಿನದಕ್ಕಿಂತ ದೊಡ್ಡದು.

ನಾನು ಮೊದಲು ಕೇಳುವುದು ಹುಟ್ಟಿದ ಹೊತ್ತನ್ನು ಯಾರು, ಎಲ್ಲಿ ಬರೆದಿಟ್ಟರು ಎಂದು. ಲಗ್ನ ಸುಮಾರು ಎರಡು ಗಂಟೆಗೊಮ್ಮೆ ಬದಲಾಗುತ್ತದೆ. ಒಂದು ಲಗ್ನ ಮುಗಿದು ಇನ್ನೊಂದು ಶುರುವಾಗುವ ಸಂಧಿಯಲ್ಲಿ ಹುಟ್ಟಿದವರಿಗೆ ಹತ್ತು ನಿಮಿಷ ಹೆಚ್ಚುಕಮ್ಮಿಯಾದರೂ ಕುಜ ಆರರಿಂದ ಏಳಕ್ಕೆ ಹೋಗಬಹುದು. ಹೊತ್ತು ಸಂಶಯವಾಗಿದ್ದರೆ ಅದನ್ನು ಹೇಳಿಬಿಡುತ್ತೇನೆ. ದೋಷ ಇದೆ ಎಂದು ಸುಮ್ನೆ ಹೇಳುವುದಿಲ್ಲ.

ದಕ್ಷಿಣೆ ಎಷ್ಟು ಎಂದು ಜಾತಕ ಬಿಚ್ಚುವ ಮೊದಲೇ ಹೇಳುತ್ತೇನೆ. ಕೂಡಿದರೂ ಕೂಡದಿದ್ದರೂ ಅಷ್ಟೇ. ಪೂಜೆ ನಾನು ಮಾಡಿಸುವುದಿಲ್ಲ, ಮಾಡಿಸುವವರಿಂದ ಪಾಲೂ ಪಡೆಯುವುದಿಲ್ಲ. ಮನಸ್ಸಿನ ಸಮಾಧಾನಕ್ಕೆ ಶಾಂತಿ ಬೇಕು ಅನ್ನುವವರಿಗೆ, ನಿಮ್ಮ ಮನೆಯ ಪುರೋಹಿತರ ಹತ್ತಿರ ಕೈಲಾದಷ್ಟರಲ್ಲಿ ಮಾಡಿಸಿ ಎನ್ನುತ್ತೇನೆ. ಹುಡುಗನ ಆರೋಗ್ಯದ ಚಿಂತೆಯಿದ್ದರೆ ಅದನ್ನು ನೋಡಬೇಕಾದವರು ಡಾಕ್ಟರು. ಲಗ್ನ, ಕುಜ ಇರುವ ಮನೆ, ನಾನು ಹಿಡಿದ ನಿಯಮ, ಎಲ್ಲವನ್ನೂ ಚೀಟಿಯಲ್ಲಿ ಬರೆದು ಕೊಡುತ್ತೇನೆ. ಆ ತಾಯಿಗೂ ಕೊಟ್ಟೆ, ಬೇರೆ ಯಾರಿಗಾದರೂ ತೋರಿಸಿ ತಾಳೆ ನೋಡಿಕೊಳ್ಳಿ ಎಂದೆ.